ವಿಭಾಗದ ಬಜೆಟ್‌ಗೆ ಶೇ 10 ಸೇರಿಸಿದರೆ ಸಾಕೇ?

ಮಾನ್ಯರೇ,

ಕಾಲೇಜು ವಿಭಾಗಗಳ ವಾರ್ಷಿಕ ಬಜೆಟ್ ಎಂದರೆ ಸಾಮಾನ್ಯವಾಗಿ ಕಳೆದ ವರ್ಷದ ಮೊತ್ತಕ್ಕೆ ಶೇ 10ರಷ್ಟು ಸೇರಿಸುವುದು. ನಾನು ಪಾಠ ಮಾಡುತ್ತಿದ್ದ ರಸಾಯನಶಾಸ್ತ್ರ ವಿಭಾಗದಲ್ಲಿ ರಾಸಾಯನಿಕಗಳಿಗೆ 1,20,000 ರೂಪಾಯಿ ಇದ್ದುದು ಹೀಗೆಯೇ 1,32,000 ಆಗುವುದರಲ್ಲಿತ್ತು. ಒಮ್ಮೆ ಹಳೆಯ ಅಂಕಿಯನ್ನು ಬದಿಗಿಟ್ಟು ಸೊನ್ನೆಯಿಂದ ಲೆಕ್ಕ ಹಾಕಿದೆವು: 60 ವಿದ್ಯಾರ್ಥಿಗಳು, ತಲಾ 14 ಪ್ರಯೋಗ, ಪ್ರಯೋಗವೊಂದಕ್ಕೆ ಸರಾಸರಿ 90 ರೂಪಾಯಿ, ಒಟ್ಟು 75,600. ಪೋಲಾಗುವುದಕ್ಕೆಂದು ಶೇ 10 ಸೇರಿಸಿದರೂ 83,160 ದಾಟಲಿಲ್ಲ. ಪಠ್ಯಕ್ರಮದಿಂದ ಕೈಬಿಟ್ಟ ಪ್ರಯೋಗಗಳಿಗೂ ದುಬಾರಿ ಸಿಲ್ವರ್ ನೈಟ್ರೇಟ್ ಪ್ರತಿವರ್ಷ ಬರುತ್ತಿದ್ದುದು ಆಗಷ್ಟೇ ಗೊತ್ತಾಯಿತು.

ಹಣ ಉಳಿದರೆ ಮುಂದಿನ ವರ್ಷದ ಅನುದಾನ ಕಡಿತವಾದೀತೆಂಬ ಭಯದಿಂದ ಮಾರ್ಚ್‌ನಲ್ಲಿ ಬೇಡದ್ದನ್ನೂ ಕೊಳ್ಳುವುದು ಹೆಚ್ಚಳ ಪದ್ಧತಿಯ ದೊಡ್ಡ ದೋಷ. ವಿಭಾಗದ ಅರ್ಧದಷ್ಟು ಬಿಲ್ಲುಗಳು ಆ ಒಂದೇ ತಿಂಗಳಿನವಾಗಿದ್ದರೆ ರೋಗ ಇದೇ ಎಂದು ತಿಳಿಯಬಹುದು.

ಆದರೆ ಹೀಗೆ ಸೊನ್ನೆಯಿಂದ ಲೆಕ್ಕ ಹಾಕುವ ಶೂನ್ಯಾಧಾರಿತ ಬಜೆಟ್‌ಗೂ ಮಿತಿಗಳಿವೆ. ಪ್ರತಿಯೊಂದು ಬಾಬ್ತನ್ನೂ ಸಮರ್ಥಿಸಿ, ಆದ್ಯತೆಯ ಕ್ರಮದಲ್ಲಿ ಬರೆಯಲು ನಮಗೆ ಮೂರು ವಾರ ಹಿಡಿಯಿತು, ಅದೂ ಪರೀಕ್ಷೆಯ ಸಮಯದಲ್ಲಿ. ಅಗ್ನಿಶಾಮಕ ಸಿಲಿಂಡರ್ ಮರುಭರ್ತಿಯಂತಹ ಸುರಕ್ಷತಾ ವೆಚ್ಚವನ್ನು ವರ್ಷವರ್ಷವೂ ಸಮರ್ಥಿಸುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಅಂತಹ ಸ್ಥಿರ ವೆಚ್ಚಗಳನ್ನು ಹಳೆಯ ಪದ್ಧತಿಗೇ ಬಿಟ್ಟು, ಉಳಿದವುಗಳ ಪೈಕಿ ಮೂರನೇ ಒಂದು ಭಾಗವನ್ನು ಸರದಿಯಂತೆ ಪ್ರತಿವರ್ಷ ಸೊನ್ನೆಯಿಂದ ಪರಿಶೀಲಿಸಬೇಕು. ಉಳಿಸಿದ ಹಣವನ್ನು ವಿಭಾಗದಿಂದ ಕಿತ್ತುಕೊಳ್ಳದೆ ಉಪಕರಣ ದುರಸ್ತಿಗೆ ಅಲ್ಲಿಯೇ ಬಿಡಬೇಕು.

– ನಿವೃತ್ತ ಪ್ರಾಧ್ಯಾಪಕ, ಧಾರವಾಡ