ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದರೆ ಅದು ಡೆಂಗಿಯೇ ಆಗಬೇಕಿಲ್ಲ

ಮಾನ್ಯರೇ,

ಜುಲೈ ಬಂದರೆ ನಮ್ಮ ಜಿಲ್ಲೆಯ ಪುಟಗಳಲ್ಲಿ ಡೆಂಗಿ, ಇಲಿ ಜ್ವರದ ಸುದ್ದಿ ಶುರು. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ ಬೇರೆ. ಹೀಗಾಗಿ ಯಾರದ್ದೇ ಒಸಡಿನಲ್ಲಿ ರಕ್ತ ಬಂದರೂ, ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕೆ ಇಳಿದರೂ ಮನೆಯವರು ಪಪ್ಪಾಯಿ ಎಲೆ ಅರೆಯಲು ಕೂರುತ್ತಾರೆ. ನಾನು ಮೂವತ್ತು ವರ್ಷ ಲ್ಯಾಬ್‌ನಲ್ಲಿ ರಕ್ತ ನೋಡಿದವನು. ನನ್ನ ತಂಗಿಯ ಮನೆಯಲ್ಲೂ ಎರಡು ವರ್ಷದ ಹಿಂದೆ ಇದೇ ಆಯಿತು.

ತಂಗಿಯ ಮಗನಿಗೆ ಆಗ 26. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಎಂಟು ದಿನದಿಂದ ಸುಸ್ತು, ಹಲ್ಲುಜ್ಜಿದರೆ ರಕ್ತ. ಜ್ವರ ಅಂತ ಹೇಳುವಷ್ಟು ಇರಲಿಲ್ಲ. ಊರ ಕ್ಲಿನಿಕ್‌ನಲ್ಲಿ ಮೈಕೈ ನೋವಿಗೆ ಸೊಂಟಕ್ಕೆ ಒಂದು ಇಂಜೆಕ್ಷನ್ ಕೊಟ್ಟರು. ಮರುದಿನ ಬೆಳಗ್ಗೆ ಚುಚ್ಚಿದ ಜಾಗದಲ್ಲಿ ಅಂಗೈ ಅಗಲ ಕಪ್ಪುನೀಲಿ. ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್ 19,000, ಬಿಳಿ ರಕ್ತಕಣ 1,800, ಹಿಮೋಗ್ಲೋಬಿನ್ 7.8. ಡೆಂಗಿ ಟೆಸ್ಟ್ ನೆಗೆಟಿವ್ ಬಂದಿತ್ತು. ಆದರೂ ‘ವೈರಲ್ ಇರಬೇಕು, ಎರಡು ದಿನ ನೋಡೋಣ’ ಅಂದರಂತೆ.

ನನಗೆ ಕಸಿವಿಸಿಯಾದದ್ದು ಪ್ಲೇಟ್‌ಲೆಟ್ ನೋಡಿ ಅಲ್ಲ, ಹಿಮೋಗ್ಲೋಬಿನ್ ನೋಡಿ. ಡೆಂಗಿ ಜೋರಾದಾಗ ರಕ್ತದ ನೀರಿನ ಅಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಏರುವುದೇ ಜಾಸ್ತಿ. ಗಟ್ಟಿಮುಟ್ಟಾದ ಹುಡುಗನಿಗೆ 7.8 ಯಾಕೆ ಬರಬೇಕು? ಯಂತ್ರ ಕಣಗಳನ್ನು ಎಣಿಸಿ ಕೊಟ್ಟಿತ್ತು, ಸ್ಲೈಡ್ ಮಾತ್ರ ಯಾರೂ ನೋಡಿರಲಿಲ್ಲ. ಪರಿಚಯದ ಲ್ಯಾಬ್‌ಗೆ ಹೋಗಿ ಒಂದು ಹನಿ ರಕ್ತ ಎಳೆದು, ಬಣ್ಣ ಹಾಕಿ, ನಾನೇ ಮೈಕ್ರೋಸ್ಕೋಪ್ ಮುಂದೆ ಕೂತೆ.

ಬಿಳಿಕಣ ಬೆರಳೆಣಿಕೆಯಷ್ಟು. ಸ್ಲೈಡ್‌ನ ಅಂಚಿಗೆ ಹೋದಾಗ ಸಿಕ್ಕವು. ದೊಡ್ಡ ಕಣಗಳು, ಒಳಗೆಲ್ಲ ನೇರಳೆ ಪುಡಿ ತುಂಬಿಸಿದ ಹಾಗೆ. ಒಂದರಲ್ಲಿ ಕೆಂಪುನೇರಳೆ ಕಡ್ಡಿಗಳು ಸೌದೆ ಹೊರೆ ಕಟ್ಟಿಟ್ಟಂತೆ ಒಟ್ಟಾಗಿ ಬಿದ್ದಿದ್ದವು. ಇವಕ್ಕೆ ಔಯರ್ ಕಡ್ಡಿ ಅನ್ನುತ್ತಾರೆ. ಹೀಗೆ ಹೊರೆಯಾಗಿ ಕಂಡರೆ ಮೊದಲು ಅನುಮಾನಿಸಬೇಕಾದ ರೋಗ ಒಂದೇ: ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ. ಬಾಯಿಮಾತಿನಲ್ಲಿ ಎಪಿಎಲ್. ಬಿಳಿಕಣ ಅರ್ಧ ಬೆಳೆದು ಅಲ್ಲೇ ನಿಂತುಬಿಡುವ ರಕ್ತದ ಕ್ಯಾನ್ಸರ್ ಇದು.

ಬೇರೆ ರಕ್ತದ ಕ್ಯಾನ್ಸರ್‌ಗಳಲ್ಲಿ ಪರೀಕ್ಷೆಗೆ ಒಂದೆರಡು ದಿನ ಹಿಡಿದರೆ ಅನೇಕ ಸಲ ನಡೆಯುತ್ತದೆ. ಇದರಲ್ಲಿ ನಡೆಯುವುದಿಲ್ಲ. ಆ ನೇರಳೆ ಪುಡಿಯ ಕಣಗಳು ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಮೈತುಂಬ ಚೆಲ್ಲುತ್ತವೆ. ಎಲ್ಲೆಂದರಲ್ಲಿ ಸಣ್ಣ ಸಣ್ಣ ಹೆಪ್ಪು ಕಟ್ಟಿ, ಅದಕ್ಕೆ ಬೇಕಾದ ಪ್ರೋಟೀನ್‌ಗಳು ಖರ್ಚಾಗಿಹೋಗುತ್ತವೆ. ಸಾಲದ್ದಕ್ಕೆ ಕಟ್ಟಿದ ಹೆಪ್ಪನ್ನು ಕರಗಿಸುವ ಕೆಲಸವನ್ನೂ ಇದೇ ಕಣಗಳು ಜೋರು ಮಾಡುತ್ತವೆ. ಅದಕ್ಕೇ ಬರೀ ಪ್ಲೇಟ್‌ಲೆಟ್ ಏರಿಸಿದರೆ ರಕ್ತ ನಿಲ್ಲುವುದಿಲ್ಲ. ನಮ್ಮ ಹುಡುಗನ ರಕ್ತ ಹೆಪ್ಪುಗಟ್ಟುವ ಪಿಟಿ ಟೆಸ್ಟ್ 13 ಸೆಕೆಂಡ್ ಇರಬೇಕಾದಲ್ಲಿ 19 ಇತ್ತು. ಹೆಪ್ಪಿಗೆ ಮುಖ್ಯವಾದ ಫೈಬ್ರಿನೋಜನ್ 200ರ ಮೇಲಿರಬೇಕಾದದ್ದು 90. ಈ ರೋಗದಲ್ಲಿ ಮೊದಲ ದಿನಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ರಕ್ತಸ್ರಾವದಿಂದ, ಅದರಲ್ಲೂ ಮಿದುಳಿನಲ್ಲಿ ಆಗುವ ರಕ್ತಸ್ರಾವದಿಂದ.

‘ಮಾವ, ನಾಳೆ ಮಂಡಿಗೆ ರಜೆ ಹೇಳಿ ಹೋಗೋಣ್ವಾ?’ ಅಂದ. ಆ ರಾತ್ರಿಯೇ ಕಾರು ಹತ್ತಿಸಿದೆ. ಘಟ್ಟ ಇಳಿಯುವಾಗ ತಿರುವು ತಿರುವಿಗೂ ಅವನ ತಲೆ ಎಲ್ಲಿ ಗಾಜಿಗೆ ಬಡಿಯುತ್ತದೋ ಅನ್ನೋದೇ ಚಿಂತೆ.

ದೊಡ್ಡ ಆಸ್ಪತ್ರೆಯ ವೈದ್ಯರು ಜೀನ್ ಪರೀಕ್ಷೆಗೆ ರಕ್ತ ತೆಗೆದರು. ಆದರೆ ರಿಪೋರ್ಟ್‌ಗೆ ಕಾಯಲಿಲ್ಲ. ಬೆಳಗಿನ ಜಾವವೇ ನಾಲ್ಕು ಮೆತ್ತನೆ ಕ್ಯಾಪ್ಸೂಲ್ ನುಂಗಿಸಿದರು. ಆಲ್-ಟ್ರಾನ್ಸ್ ರೆಟಿನೋಯಿಕ್ ಆಸಿಡ್, ಅಂದರೆ ಟ್ರೆಟಿನಾಯಿನ್. ವಿಟಮಿನ್ ಎಯಿಂದ ಹುಟ್ಟಿದ ಮದ್ದು. ಮೈ ಅಳತೆಯ ಪ್ರತಿ ಚದರ ಮೀಟರ್‌ಗೆ ದಿನಕ್ಕೆ 45 ಮಿಲಿಗ್ರಾಂ ಲೆಕ್ಕ. ಇವನ ಅಳತೆ 1.7 ಚದರ ಮೀಟರ್. ಹಾಗಾಗಿ ಹತ್ತು ಮಿಲಿಗ್ರಾಂನವು ಬೆಳಗ್ಗೆ ನಾಲ್ಕು, ರಾತ್ರಿ ನಾಲ್ಕು. ಅನುಮಾನ ಬಂದ ಕೂಡಲೇ ಶುರು ಮಾಡುವುದೇ ನಿಯಮ. ಬೇರೆ ರೋಗ ಅಂತ ಆಮೇಲೆ ಗೊತ್ತಾದರೆ ನಿಲ್ಲಿಸಿದರಾಯಿತು. ಜತೆಗೆ ಪ್ಲೇಟ್‌ಲೆಟ್, ಫೈಬ್ರಿನೋಜನ್ ತುಂಬಲು ಕ್ರಯೋ ಎಂಬ ರಕ್ತದ ಅಂಶ ಕೊಡುತ್ತ ಹೋದರು. ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಪೂರ್ತಿ ಬಂದ್.

ಜೀನ್ ರಿಪೋರ್ಟ್ ನಾಲ್ಕನೇ ದಿನ ಬಂತು. 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲು ಬದಲಾಗಿ ಪಿಎಂಎಲ್-ರಾರಾ ಎಂಬ ಬೆಸುಗೆ ಪ್ರೋಟೀನ್ ಹುಟ್ಟಿತ್ತು. ಮದ್ದಿನ ಗುಟ್ಟು ಇಲ್ಲೇ ಇದೆ. ಸಾಮಾನ್ಯ ಕಣದಲ್ಲಿ ರಾರಾ ಒಂದು ಬಾಗಿಲಿದ್ದ ಹಾಗೆ. ಮೈಯಲ್ಲಿರುವ ಚೂರು ರೆಟಿನೋಯಿಕ್ ಆಸಿಡ್ ತಾಗಿದರೆ ತೆರೆಯುತ್ತದೆ, ಕಣ ಮುಂದಕ್ಕೆ ಬೆಳೆಯುತ್ತದೆ. ಬೆಸುಗೆಯಾದ ಮೇಲೆ ಅದು ಆಷಾಢದಲ್ಲಿ ಉಬ್ಬಿದ ಬಾಗಿಲು. ಬೆರಳಲ್ಲಿ ತಳ್ಳಿದರೆ ಕದಲುವುದಿಲ್ಲ, ಭುಜ ಕೊಡಬೇಕು. ಎಂಟು ಕ್ಯಾಪ್ಸೂಲ್ ಅಂದರೆ ಆ ಭುಜ. ಬಾಗಿಲು ತೆರೆದಾಗ ಕಣ ಪೂರ್ತಿ ಬೆಳೆದು, ಎಲ್ಲ ಬಿಳಿಕಣದ ಹಾಗೆ ಆಯುಸ್ಸು ಮುಗಿಸಿ ಸಾಯುತ್ತದೆ. ಬೆಸುಗೆ ಪ್ರೋಟೀನೂ ಚೂರಾಗುತ್ತದೆ. ಹಿಂದೆ ಕೀಮೋ ಒಂದನ್ನೇ ಕೊಡುತ್ತಿದ್ದಾಗ ಕಣಗಳು ಒಡೆದು ಒಳಗಿನದ್ದೆಲ್ಲ ಚೆಲ್ಲಿ ರಕ್ತಸ್ರಾವ ಇನ್ನೂ ಕೆಡುತ್ತಿತ್ತು. ಇದು ಒಡೆಯುವುದಿಲ್ಲ, ಬೆಳೆಸುತ್ತದೆ.

ಶಾಂಘೈನ ವೈದ್ಯ ವಾಂಗ್ ಝೆನ್‌ಯಿ ತಂಡ 1988ರಲ್ಲಿ 24 ರೋಗಿಗಳ ವಿವರ ಪ್ರಕಟಿಸಿತು. 23 ಜನರಲ್ಲಿ ಈ ಮದ್ದೊಂದರಿಂದಲೇ ರೋಗ ಹಿಮ್ಮೆಟ್ಟಿತ್ತು. ಆದರೆ ಇದೊಂದನ್ನೇ ನಂಬಿದರೆ ರೋಗ ಮರಳುತ್ತದೆ ಅನ್ನೋದೂ ಬೇಗ ಗೊತ್ತಾಯಿತು. ಈಗ ಜೋಡಿಗೆ ಆರ್ಸೆನಿಕ್ ಟ್ರೈಆಕ್ಸೈಡ್ ಕೊಡುತ್ತಾರೆ. ಹೌದು, ಪಾಷಾಣವೇ. ಅದು ಬೆಸುಗೆಯ ಇನ್ನೊಂದು ತುದಿಯಾದ ಪಿಎಂಎಲ್ ಅನ್ನು ಹಿಡಿದು ಮುಗಿಸುತ್ತದೆ. ಬಿಳಿಕಣ ಹತ್ತು ಸಾವಿರದೊಳಗೆ ಇದ್ದವರಲ್ಲಿ ಈ ಜೋಡಿಯಿಂದ, ಕೀಮೋ ಇಲ್ಲದೆಯೇ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಹತ್ತು ಸಾವಿರ ದಾಟಿದ್ದರೆ ಸಾಮಾನ್ಯವಾಗಿ ಕೀಮೋ ಸೇರಿಸುತ್ತಾರೆ.

ಸಲೀಸಾಗಿ ಏನೂ ಮುಗಿಯಲಿಲ್ಲ. ಒಂಬತ್ತನೇ ದಿನ ಹುಡುಗನಿಗೆ ಉಸಿರು ಕಟ್ಟಿತು, ಜ್ವರ ಬಂತು, ಎರಡೇ ದಿನದಲ್ಲಿ ತೂಕ ನಾಲ್ಕು ಕಿಲೋ ಏರಿತು. ಬಿಳಿಕಣ 14,000 ಆಗಿತ್ತು. ಕಣಗಳು ಒಟ್ಟಿಗೆ ಬೆಳೆಯತೊಡಗಿದಾಗ ಶ್ವಾಸಕೋಶಕ್ಕೆ ನುಗ್ಗುತ್ತವೆ, ಮೈಯಲ್ಲಿ ನೀರು ನಿಲ್ಲುತ್ತದೆ. ಡೆಕ್ಸಾಮೆಥಾಸೋನ್ 10 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟರು. ಮೂರನೇ ದಿನಕ್ಕೆ ಎದ್ದು ಕೂತು ಗಂಜಿ ಉಂಡ. ಇದನ್ನು ನ್ಯುಮೋನಿಯಾ ಅಂದುಕೊಂಡು ಕಾಲ ಕಳೆದರೆ ಕಷ್ಟ. ಅದಕ್ಕೇ ದಿನಾ ತೂಕ ನೋಡಬೇಕು.

ವಿಟಮಿನ್ ಎ ಅಂದ ಕೂಡಲೇ ನಮ್ಮಕ್ಕ ಗಜ್ಜರಿ ಪಲ್ಯ, ಮೀನೆಣ್ಣೆ ಅಂತ ಶುರು ಮಾಡಿದ್ದಳು. ಅದರಿಂದ ಈ ಬಾಗಿಲು ತೆರೆಯುವುದಿಲ್ಲ. ವಿಟಮಿನ್ ಎ ಮಾತ್ರೆ ರಾಶಿ ನುಂಗಿದರೆ ಲಿವರ್ ಹಾಳಾಗುತ್ತದೆ, ಅಷ್ಟೇ. ಬೇರೆ ರಕ್ತದ ಕ್ಯಾನ್ಸರ್‌ಗಳಿಗೂ ಈ ಕ್ಯಾಪ್ಸೂಲ್ ಹೀಗೆ ನಾಟುವುದಿಲ್ಲ, ಯಾಕೆಂದರೆ ಅವುಗಳಲ್ಲಿ ಈ ಬೆಸುಗೆಯೇ ಇರುವುದಿಲ್ಲ.

ಈಗ ನನ್ನ ಕೋರಿಕೆ. ಪ್ಲೇಟ್‌ಲೆಟ್ ಇಳಿದು ರಕ್ತ ಸೋರುತ್ತಿರುವ ಪ್ರತಿಯೊಬ್ಬರ ಸ್ಲೈಡನ್ನೂ ಅದೇ ದಿನ ಕಣ್ಣಿನಿಂದ ನೋಡಬೇಕು, ಪಿಟಿ ಮತ್ತು ಫೈಬ್ರಿನೋಜನ್ ಮಾಡಿಸಬೇಕು ಅಂತ ಜಿಲ್ಲೆಯ ಲ್ಯಾಬ್‌ಗಳಿಗೆ ಸೂಚನೆ ಹೋಗಲಿ. ಈ ಕ್ಯಾಪ್ಸೂಲ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ 2015ರಿಂದ ಇದೆ. ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ, ಸಾಧ್ಯವಾದರೆ ಶಿರಸಿಯಲ್ಲೂ, 24 ಕ್ಯಾಪ್ಸೂಲ್ ಸದಾ ಇರಲಿ. ಒಬ್ಬ ರೋಗಿಗೆ ಮೂರು ದಿನಕ್ಕೆ ಅಷ್ಟು ಸಾಕು. ಅಷ್ಟರಲ್ಲಿ ಘಟ್ಟ ಇಳಿದೋ ಹತ್ತಿಯೋ ದೊಡ್ಡ ಆಸ್ಪತ್ರೆ ಮುಟ್ಟಬಹುದು.

ಇತಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ಶಿರಸಿ