ಶನಿವಾರದ ಸಮೀಕ್ಷೆ: ದಾಳದ ಪ್ರಶ್ನೆ ಕೇಳುವ ಕ್ರಮ

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 9ಕ್ಕೆ ಯಶವಂತಪುರ, ಮಲ್ಲೇಶ್ವರದ ಮನೆಗಳಿಗೆ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

‘ಮತಕ್ಕೆ ಹಣ ಪಡೆದಿದ್ದೀರಾ?’ ಎಂದು ಈ ಬಾರಿ ನೇರವಾಗಿ ಕೇಳುವುದಿಲ್ಲ. ದಾಳವನ್ನು ಉತ್ತರಿಸುವವರ ಕೈಗೇ ಕೊಡಿ. ಬಿದ್ದ ಸಂಖ್ಯೆ ನಿಮಗೆ ಕಾಣಬಾರದು. 1 ಬಿದ್ದರೆ ಸತ್ಯ ಏನೇ ಇರಲಿ ‘ಹೌದು’, 6 ಬಿದ್ದರೆ ‘ಇಲ್ಲ’, ಉಳಿದವಕ್ಕೆ ನಿಜವಾದ ಉತ್ತರ. ಯಾರ ‘ಹೌದು’ ದಾಳದ್ದು, ಯಾರದು ನಿಜದ್ದು ಎಂಬುದು ನಮಗೂ ತಿಳಿಯದು. ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ. ಉದಾಹರಣೆಗೆ, 300 ಜನರಲ್ಲಿ 110 ‘ಹೌದು’ ಬಂದರೆ ಅದರಲ್ಲಿ ಸುಮಾರು 50 ದಾಳ ಹೇಳಿಸಿದ್ದು. ಉಳಿದ 60 ‘ಹೌದು’, ನಿಜ ಹೇಳಬೇಕಿದ್ದ ಸುಮಾರು 200 ಜನರಿಂದ ಬಂದದ್ದು. ಅಂದರೆ ಶೇ 30.

ತೊಡಕು ಬೇರೆಯೇ ಇದೆ. ಹಣ ಮುಟ್ಟದವರಿಗೆ 1 ಬಿದ್ದರೂ ‘ಹೌದು’ ಎನ್ನಲು ಬಾಯಿ ಬರುವುದಿಲ್ಲ, ಪಾಪ! ಒಟ್ಟು ‘ಹೌದು’ ಆರನೇ ಒಂದು ಭಾಗಕ್ಕಿಂತ ತೀರಾ ಕಡಿಮೆಯಾದರೆ ಹೀಗೇ ಆಗಿದೆ ಎಂದು ಅನುಮಾನಿಸಬೇಕು. ಆದ್ದರಿಂದ ಮೊದಲು ‘ಇವತ್ತು ಕಾಫಿ ಕುಡಿದಿರಾ?’ ಎಂಬ ಪ್ರಶ್ನೆಯಲ್ಲಿ ಅಭ್ಯಾಸ ಮಾಡಿಸಿ. ಇದನ್ನು ಮಾತ್ರ ಬಿಡಬೇಡಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ. ದಾಳಗಳನ್ನು ನಾನೇ ತರುತ್ತೇನೆ.