ಸಾವಿನ ಮನೆಯ ಕಾಗದಪತ್ರ: ಕೆಲವು ಪ್ರಶ್ನೆಗಳು

ಬಂಧುಗಳೇ, ಕೊಪ್ಪಳದಲ್ಲಿ ನಮ್ಮ ಸೋದರಮಾವ ತೀರಿಕೊಂಡಾಗ ಎದುರಾದ ಪ್ರಶ್ನೆಗಳಿವು.

ಮರಣ ನೋಂದಣಿಗೆ ಎಷ್ಟು ದಿನ? 21 ದಿನ, ಆಮೇಲೆ ದಂಡ, ಅಲೆದಾಟ. ಅರ್ಜಿಗೆ ಮೊದಲು ಹೆಸರನ್ನು ಪಹಣಿಯೊಂದಿಗೆ ಹೋಲಿಸಿ. ಮಾವ ಆಧಾರ್‌ನಲ್ಲಿ ಬಸವರಾಜ, ಪಹಣಿಯಲ್ಲಿ ಬಸಪ್ಪ. ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಅಲ್ಲೇ ಸಿಕ್ಕಿಬಿದ್ದಿತು.

ಎಟಿಎಂನಿಂದ ಹಣ ತೆಗೆಯಬಹುದೇ? ಪಿನ್ ಗೊತ್ತಿದ್ದರೂ ಬೇಡ. ಬ್ಯಾಂಕಿಗೆ ತಿಳಿಸಿ, ನಾಮಿನಿಯೇ ಅರ್ಜಿ ಕೊಡಲಿ.

ಆಸ್ತಿ ಪಟ್ಟಿ ಎಲ್ಲಿಂದ ಆರಂಭಿಸಬೇಕು? ಬೀರುವಿನಿಂದಲ್ಲ, ಪಾಸ್‌ಬುಕ್‌ನಿಂದ. ಅದನ್ನು ಎಂಟ್ರಿ ಹಾಕಿಸಿ, ಒಂದು ವರ್ಷದ ಸಾಲುಗಳನ್ನು ಬೆರಳಿಟ್ಟು ಓದಿ. ನಮಗೆ ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಕಡಿತ ಕಂಡಿತು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು, ಪರಿಹಾರ 2 ಲಕ್ಷ. ಅತ್ತೆಗೆ ಅದರ ಸುಳಿವೇ ಇರಲಿಲ್ಲ! ಸೊಸೈಟಿಯ ಬೆಳೆಸಾಲವನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ.